ಆವರ್ತ ಫಂಕ್ಷನ್ನಿನ ನಿಶ್ಚಿತ ಅನುಕಲ: ಒಂದು ಸುತ್ತು ಸಾಕು, ಆದರೆ ಎಲ್ಲಿಂದ ಆರಂಭಿಸಬೇಕು?

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ನಾಯ್ಮಾರ್ಮೂಲೆಯಿಂದ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ಅಧ್ಯಾಪಕರೂ ವಿದ್ಯಾರ್ಥಿ ಮಿತ್ರರೂ ಕೂಡಿರುವ ಗೋಷ್ಠಿ ಇದು. ಹಾಗಾಗಿ ತೀರ ಸುಲಭದಿಂದ ಆರಂಭಿಸಿದರೆ ಅಧ್ಯಾಪಕರು ಸ್ವಲ್ಪ ಸಹಿಸಿಕೊಳ್ಳಬೇಕು.

ನಮ್ಮ ಜಗಲಿಯಲ್ಲಿ ಹಳೆಯ ಕಾಲದ ನೂರು ವಾಟಿನ ತಂತಿ ಬಲ್ಬು ಒಂದಿದೆ. ಅದನ್ನು ಒಂದು ಗಂಟೆ ಉರಿಸಿದರೆ ಎಷ್ಟು ಕರೆಂಟು ಖರ್ಚಾಗುತ್ತದೆ ಅಂತ ಕೇಳಿದರೆ ಎಂಟನೆಯ ತರಗತಿಯ ಮಗುವೂ ಹೇಳುತ್ತದೆ, 0.1 ಯೂನಿಟ್ ಅಂತ. ಆದರೆ ಈ ಬಲ್ಬು ಯಾವ ಕ್ಷಣದಲ್ಲೂ ನಿಂತ ನೂರು ವಾಟ್ ಎಳೆಯುವುದಿಲ್ಲ. ಮನೆಗೆ ಬರುವ ವೋಲ್ಟೇಜು 230√2 sin(100πt), ಅಂದರೆ ತುದಿಯಲ್ಲಿ ಸುಮಾರು 325 ವೋಲ್ಟ್. ಉರಿಯುತ್ತಿರುವಾಗ ತಂತಿಯ ರೋಧ 529 ಓಮ್ ಎಂದು ತೆಗೆದುಕೊಳ್ಳೋಣ. ಆಗ ಕ್ಷಣಕ್ಷಣದ ಪವರ್ ಹೀಗೆ:

```
p(t) = (230√2)² sin²(100πt) / 529 = 200 sin²(100πt)
```

ಇದು ಸೊನ್ನೆಯಿಂದ 200 ವಾಟಿಗೆ ಏರಿ ಮತ್ತೆ ಸೊನ್ನೆಗೆ ಇಳಿಯುತ್ತಾ ಇರುತ್ತದೆ. ಒಂದು ಗಂಟೆಯ ಶಕ್ತಿ ಬೇಕಾದರೆ 0 ಯಿಂದ 3600 ಸೆಕೆಂಡಿನವರೆಗೆ ಅನುಕಲಿಸಬೇಕು. ಇಲ್ಲಿ ಮೊದಲ ಪ್ರಶ್ನೆ: ಆವರ್ತ ಎಷ್ಟು? ಲೈನು 50 ಹರ್ಟ್ಸ್, ಹಾಗಾಗಿ 0.02 ಸೆಕೆಂಡು ಅಂತ ಕೈ ತಾನಾಗಿಯೇ ಬರೆಯುತ್ತದೆ. ಅದು ತಪ್ಪಲ್ಲ, ಆದರೆ ಅತಿ ಚಿಕ್ಕ ಆವರ್ತವೂ ಅಲ್ಲ. ವರ್ಗ ಮಾಡಿದಾಗ ಋಣ ಭಾಗವೂ ಮೇಲೆ ಬರುವುದರಿಂದ sin² ಅರ್ಧ ಹೊತ್ತಿನಲ್ಲೇ ಒಂದು ಸುತ್ತು ಮುಗಿಸುತ್ತದೆ. T = 0.01. ಆ ಒಂದು ಸುತ್ತಿನಲ್ಲಿ ಸಿಗುವ ಶಕ್ತಿ:

```
∫₀^0.01 200 sin²(100πt) dt = 100 ∫₀^0.01 (1 − cos 200πt) dt = 1
```

ಒಂದು ಜೂಲ್! ಲೆಕ್ಕ ಮಾಡಿದಾಗ ನನಗೇ ಖುಷಿಯಾಯಿತು. ಸೆಕೆಂಡಿನ ನೂರನೇ ಒಂದು ಭಾಗಕ್ಕೆ ಸರಿಯಾಗಿ ಒಂದು ಜೂಲಿನಂತೆ, ಗಂಟೆಗೆ 3,60,000 ಸುತ್ತು, 3,60,000 ಜೂಲ್. ಒಂದು ಯೂನಿಟ್ ಅಂದರೆ 36,00,000 ಜೂಲ್, ಹಾಗಾಗಿ 0.1 ಯೂನಿಟ್. ಮೂರೂವರೆ ಲಕ್ಷ ಅಲೆಗಳ ಅನುಕಲ ಒಂದು ಅಲೆಯದ್ದಾಗಿ ಇಳಿದುಬಂತು.

ಈಗ ಒಂದು ತಕರಾರು. ನಾನು ಸ್ವಿಚ್ ಹಾಕಿದ್ದು ಅಲೆ ಸರಿಯಾಗಿ ಸೊನ್ನೆಯಲ್ಲಿದ್ದಾಗಲೇ ಅಂತ ಯಾರು ಹೇಳಿದರು? ಅಲೆಯ ನಡುಮಧ್ಯೆ, t = a ಯಲ್ಲಿ ಹಾಕಿರಬಹುದು. ಆಗ ಒಂದು ಸುತ್ತಿನ ಅನುಕಲ a ಯಿಂದ a + T ವರೆಗೆ. ಬೆಲೆ ಅದೇ ಆಗುತ್ತದೆಯಾ? ಎನ್‌ಸಿಇಆರ್‌ಟಿ ಹನ್ನೆರಡನೆಯ ತರಗತಿ ಪುಸ್ತಕದಲ್ಲಿ ನಿಶ್ಚಿತ ಅನುಕಲದ ಗುಣಗಳ ಪಟ್ಟಿ ಇದೆ, ನಮ್ಮ ಪ್ಲಸ್ ಟೂ ಮಕ್ಕಳೂ ಅದನ್ನೇ ಓದುವುದು. ಆ ಪಟ್ಟಿಯಲ್ಲಿ ಆವರ್ತ ಫಂಕ್ಷನ್ನಿನ ಗುಣ ಪ್ರತ್ಯೇಕವಾಗಿ ಇಲ್ಲ. ಎಂಟ್ರೆನ್ಸ್ ಪರೀಕ್ಷೆಗೆ ಮಾತ್ರ ಅದು ಗೊತ್ತಿರಲೇಬೇಕು. ಹಾಗಾಗಿ ಮಕ್ಕಳು ಸೂತ್ರವಾಗಿ ಬಾಯಿಪಾಠ ಮಾಡುತ್ತಾರೆ, ಸಾಧನೆ ನೋಡಿರುವುದಿಲ್ಲ. ಸಾಧನೆ ಎರಡೇ ಸಾಲು:

```
∫ₐ^(a+T) f(x) dx = ∫ₐ^T f(x) dx + ∫_T^(a+T) f(x) dx
```

ಎರಡನೆಯ ತುಂಡಿನಲ್ಲಿ x = u + T ಎಂದು ಹಾಕಿ. f(u + T) ಅಂದರೆ f(u) ತಾನೆ? ಹಾಗಾಗಿ ಅದು 0 ಯಿಂದ a ವರೆಗಿನ ಅನುಕಲವಾಗುತ್ತದೆ. ಮೊದಲ ತುಂಡು a ಯಿಂದ T ವರೆಗೆ, ಎರಡನೆಯದು 0 ಯಿಂದ a ವರೆಗೆ. ಕೂಡಿದರೆ 0 ಯಿಂದ T. ಎಡಗಡೆ ಕಳೆದುಕೊಂಡದ್ದು ಬಲಗಡೆ ಸಿಕ್ಕಿತು, ಅಷ್ಟೇ. ಬಳೆಯನ್ನು ಎಲ್ಲಿ ಕತ್ತರಿಸಿ ನೇರ ಮಾಡಿದರೂ ಉದ್ದ ಒಂದೇ ಅಲ್ವಾ, ಹಾಗೆ. ಇಂಥ n ಸುತ್ತುಗಳನ್ನು ಕೂಡಿದರೆ n ಪಟ್ಟು.

ಪೂರ್ತಿ ಸುತ್ತುಗಳಾಗಿ ಭಾಗವಾಗದೆ ಶೇಷ ಉಳಿದರೆ? ಆ ಶೇಷವನ್ನು ಮಾತ್ರ ಬೇರೆಯಾಗಿ ಅನುಕಲಿಸಬೇಕು. ಒಂದು ಲೆಕ್ಕ ಮಾಡಿಯೇ ನೋಡೋಣ: 0 ಯಿಂದ 100 ರವರೆಗೆ |sin x|. ಇಲ್ಲಿ 100 ಅಷ್ಟೇ, 100π ಅಲ್ಲ. ಆವರ್ತ π, ಒಂದು ಸುತ್ತಿನ ಅನುಕಲ 2. 100 ನ್ನು π ಯಿಂದ ಭಾಗಿಸಿದರೆ 31 ಸುತ್ತು, ಶೇಷ 100 − 31π = 2.6106. ಮೂವತ್ತೊಂದು ಸುತ್ತಿಗೆ 62. ಶೇಷದ ತುಂಡನ್ನು ಜಾರಿಸಿ 0 ಗೆ ತಂದರೆ 0 ಯಿಂದ 2.6106 ರವರೆಗೆ sin x, ಅಂದರೆ 1 − cos 2.6106 = 1.8623. ಒಟ್ಟು 63.8623.

ಇಲ್ಲಿ ಒಂದು ಎಚ್ಚರಿಕೆ. ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದ್ದರೆ ಶೇಷದ ಬೆಲೆ 0.001 ಅಂತ ಬರುತ್ತದೆ. ಅದು ತಪ್ಪು ಅಂತ ಹೇಗೆ ಗೊತ್ತಾಗಬೇಕು? 2.61 ಅಂದರೆ 3.14 ರ ಬಹುಪಾಲು ಆಯಿತಲ್ಲ, ಹಾಗಾಗಿ ಉತ್ತರ 2 ರ ಹತ್ತಿರ ಇರಲೇಬೇಕು. ಇನ್ನೊಂದು ತಾಳೆ: ಸರಾಸರಿ ಎತ್ತರ 2/π, ಅದರ ನೂರು ಪಟ್ಟು 63.66. ನಮ್ಮ ಉತ್ತರ ಅದರ ಪಕ್ಕದಲ್ಲೇ ಇದೆ.

ಇನ್ನು ನಾನು ನಿಜವಾಗಿ ಹೇಳಬೇಕೆಂದಿದ್ದ ಮಾತಿಗೆ ಬರುತ್ತೇನೆ. ಆರಂಭದ ಬಿಂದು ಎಲ್ಲಿದ್ದರೂ ಆಗುತ್ತದೆ ಎನ್ನುವುದನ್ನು ನಾವು ಒಂದು ಸಮಾಧಾನದ ಹಾಗೆ ಓದಿ ಮುಂದೆ ಹೋಗುತ್ತೇವೆ. ಅದು ಸಮಾಧಾನ ಅಲ್ಲ, ಆಯುಧ. ನಾನು ಕಲಿಯುವಾಗ ಈ ಲೆಕ್ಕದಲ್ಲಿ ಪೂರ್ತಿ ಮೋಸಹೋಗಿದ್ದೇನೆ:

```
∫₀^200π dx / (2 + cos x)
```

ಆವರ್ತ 2π, ಸುತ್ತು ನೂರು. ಸರಿ, ಒಂದು ಸುತ್ತು ಸಾಕು ಎಂದು 0 ಯಿಂದ 2π ವರೆಗೆ ತೆಗೆದುಕೊಂಡೆ. tan(x/2) ಆದೇಶ ಹಾಕಿದರೆ ಸಿಗುವುದು ಹೀಗೆ:

```
F(x) = (2/√3) tan⁻¹( tan(x/2) / √3 )
```

x = 2π ಹಾಕಿದರೆ tan π, ಅದು 0. x = 0 ಹಾಕಿದರೂ 0. ಸೊನ್ನೆಯಲ್ಲಿ ಸೊನ್ನೆ ಹೋದರೆ ಸೊನ್ನೆ, ಅದರ ನೂರು ಪಟ್ಟು ಸೊನ್ನೆ. ಉತ್ತರದ ಕೆಳಗೆ ಎರಡು ಗೆರೆ ಎಳೆದು ಕೊಟ್ಟೆ!

ಒಂದು ನಿಮಿಷ ಯೋಚಿಸಿದ್ದರೆ ಸಾಕಿತ್ತು. 2 + cos x ಯಾವಾಗಲೂ 1 ಮತ್ತು 3 ರ ನಡುವೆ. ಹಾಗಾಗಿ ಒಳಗಿನ ಫಂಕ್ಷನ್ 1/3 ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಒಂದು ಸುತ್ತಿನ ಅನುಕಲ ಕಡಿಮೆ ಎಂದರೂ 2π/3, ಅಂದರೆ ಎರಡಕ್ಕಿಂತ ಹೆಚ್ಚು. ಸೊನ್ನೆ ಎಲ್ಲಿಂದ ಬಂತು?

ತಪ್ಪು ಇರುವುದು x = π ಯಲ್ಲಿ. ಅಲ್ಲಿ tan(x/2) ಅನಂತಕ್ಕೆ ಹೋಗುತ್ತದೆ. π ಯನ್ನು ಎಡದಿಂದ ಸಮೀಪಿಸಿದರೆ F ನ ಬೆಲೆ π/√3, ಬಲದಿಂದ ಬಂದರೆ −π/√3. ನಡುವೆ ಒಂದು ಗುಂಡಿ. ಮೂಲ ಫಂಕ್ಷನ್ನಿಗೆ ಅಲ್ಲಿ ಏನೂ ಆಗಿಲ್ಲ, ನಾವು ಕಂಡುಹಿಡಿದ F ಮಾತ್ರ ಮುರಿದಿದೆ. ತುದಿಗಳಲ್ಲಿ ಬೆಲೆ ಹಾಕಿ ಕಳೆಯುವ ಕ್ರಮ ನಡೆಯಬೇಕಾದರೆ F ಆ ಅಂತರದ ಉದ್ದಕ್ಕೂ ಮುರಿಯದೆ ಇರಬೇಕು. ಒಂದು ಸುತ್ತಿಗೆ ಇಳಿಸಿದ್ದರಿಂದ ಈ ತಪ್ಪು ಹೋಗಲಿಲ್ಲ ಎನ್ನುವುದನ್ನು ಗಮನಿಸಿ. ತಪ್ಪೂ ಒಂದು ಸುತ್ತಿಗೆ ಇಳಿಯಿತು, ಅಷ್ಟೇ.

ಪರಿಹಾರ ನಮ್ಮ ಬಲ್ಬಿನ ಸ್ವಿಚ್ಚಿನಲ್ಲೇ ಇದೆ. ಸುತ್ತನ್ನು 0 ಯಿಂದಲೇ ಆರಂಭಿಸಬೇಕೆಂಬ ಹಟ ಯಾಕೆ? −π ಯಿಂದ ಆರಂಭಿಸಿ π ಗೆ ಮುಗಿಸೋಣ. ಆಗ ಮುರಿದ ಜಾಗಗಳು ಎರಡೂ ತುದಿಗೆ ಹೋಗುತ್ತವೆ, ನಡುವೆ F ಅಖಂಡ. ತುದಿಗಳಲ್ಲಿ ಸೀಮಾಮೌಲ್ಯ ತೆಗೆದುಕೊಂಡರೆ π/√3 − (−π/√3) = 2π/√3, ಸುಮಾರು 3.6276. ನೂರು ಸುತ್ತಿಗೆ 362.76. ಬಳೆಯನ್ನು ಒಡಕು ಇರುವಲ್ಲೇ ಕತ್ತರಿಸಿದ ಹಾಗಾಯಿತು.

ಪ್ರಶ್ನೆಗಳ ಹೊತ್ತಿನಲ್ಲಿ ಒಬ್ಬ ವಿದ್ಯಾರ್ಥಿ ಕೇಳಿದ: "ಸರ್, ಸಂಜೆ ಹೊತ್ತು ನಮ್ಮಲ್ಲಿ ವೋಲ್ಟೇಜ್ ಇಳಿಯುತ್ತದಲ್ಲ, ಆಗ?" ಒಳ್ಳೆಯ ಪ್ರಶ್ನೆ. ಅಲೆಯ ಎತ್ತರ ಇಳಿಯುತ್ತಾ ಹೋದರೆ f(t + T) = f(t) ಎನ್ನುವುದೇ ಸುಳ್ಳಾಗುತ್ತದೆ. ಆಗ ಒಂದು ಸುತ್ತನ್ನು ಗುಣಿಸಿ ಉತ್ತರ ಪಡೆಯಲು ಆಗುವುದಿಲ್ಲ. ಎತ್ತರ ನಿಧಾನವಾಗಿ ಬದಲಾಗುತ್ತಿದ್ದರೆ ಪ್ರತಿ ಸುತ್ತಿನ ಬೆಲೆಯನ್ನು ಬೇರೆಬೇರೆಯಾಗಿ ಕೂಡಿಸಬೇಕು. 50 ಹರ್ಟ್ಸ್ ಎನ್ನುವುದೂ ಹಾಗೆಯೇ: ದೇಶದ ಗ್ರಿಡ್‌ಗೆ ನಿಗದಿಯಾದ ಪಟ್ಟಿ 49.90 ರಿಂದ 50.05. ನಮ್ಮ 3,60,000 ಎನ್ನುವುದು ಆದರ್ಶ ಅಲೆಯ ಲೆಕ್ಕ.

ಇನ್ನೊಬ್ಬರು ಟೀಚರ್ ಕೇಳಿದರು, ಮಕ್ಕಳು x|sin x| ಗೂ ಇದೇ ಸೂತ್ರ ಹಾಕುತ್ತಾರೆ, ಏನು ಹೇಳುವುದು ಅಂತ. ಟೀಚರ್, ಅಲ್ಲಿ ಒಂದು ಭಾಗ ಮಾತ್ರ ಆವರ್ತ, ಗುಣಲಬ್ಧ ಆವರ್ತ ಅಲ್ಲ. 0 ಯಿಂದ π ವರೆಗಿನ ಅನುಕಲ π. ಹಾಗಾಗಿ 0 ಯಿಂದ nπ ವರೆಗೆ nπ ಅಂತ ಬರೆಯುತ್ತಾರೆ. ಆದರೆ ಪ್ರತಿ ಅಲೆಯೂ ಹಿಂದಿನದ್ದಕ್ಕಿಂತ ಎತ್ತರ! ಆದರೂ ಒಂದು ಸುತ್ತಿಗೆ ಇಳಿಸುವ ಉಪಾಯವನ್ನು ಪೂರ್ತಿ ಬಿಡಬೇಕಾಗಿಲ್ಲ. k ಎಂಬ ಸುತ್ತಿನಲ್ಲಿ x = kπ + u ಎಂದು ಹಾಕಿದರೆ |sin x| ಹೋಗಿ sin u ಆಗುತ್ತದೆ, ಹೊರಗಿನ x ಮಾತ್ರ kπ + u ಆಗಿ ಉಳಿಯುತ್ತದೆ:

```
∫₀^π (kπ + u) sin u du = 2kπ + π
```

k ಗೆ 0, 1, 2 ಎಂದು n − 1 ರವರೆಗೆ ಹಾಕಿ ಕೂಡಿ. ಸಿಗುವುದು π, 3π, 5π ಹೀಗೆ ಬೆಸ ಸಂಖ್ಯೆಗಳ ಸಾಲು. ಮೊದಲ n ಬೆಸ ಸಂಖ್ಯೆಗಳ ಮೊತ್ತ n² ಆದ್ದರಿಂದ ಉತ್ತರ n²π. ಹತ್ತು ಸುತ್ತಿಗೆ 10π ಅಲ್ಲ, 100π.