80 ಟಿಕ್ ಬಿದ್ದ ಹುಡುಗ

ತಪ್ಪು ಕಲ್ಪನೆ: ವೀಕ್ಷಣಾ ಹಾಳೆಯಲ್ಲಿ ಟಿಕ್ ಎಷ್ಟಿದೆಯೋ ಅಷ್ಟು ಹೊತ್ತು ಮಗು ಪಾಠದ ಕಡೆ ಗಮನ ಕೊಟ್ಟಿಲ್ಲ.

ಸತ್ಯ: ಟಿಕ್ ಯಾವ ನಿಯಮದ ಮೇಲೆ ಬಿತ್ತು ಎಂದು ಕೇಳದೆ ಹಾಗೆನ್ನಲು ಬರುವುದಿಲ್ಲ. ಏಳನೇ ತರಗತಿಯ ಗಣಿತದ ಪಿರಿಯಡ್ ಎಂದಿಟ್ಟುಕೊಳ್ಳಿ. ಹಿಂದಿನ ಬೆಂಚಿನಲ್ಲಿ ಕೂತ ವೀಕ್ಷಕರು 20 ನಿಮಿಷವನ್ನು 15 ಸೆಕೆಂಡಿನ 80 ಅವಧಿಗಳಾಗಿ ವಿಂಗಡಿಸಿಕೊಂಡಿದ್ದಾರೆ. ‘ಗಮನವಿಲ್ಲ’ ಎಂದರೆ ಏನು ಎಂಬುದನ್ನೂ ಮೊದಲೇ ಬರೆದುಕೊಂಡಿದ್ದಾರೆ: ಕಣ್ಣು ಪುಸ್ತಕ, ಬೋರ್ಡು, ಮೇಷ್ಟ್ರು ಈ ಮೂರರ ಮೇಲೂ ಇಲ್ಲದಿರುವುದು. (ಮನಸ್ಸು ಎಲ್ಲಿದೆ ಎಂಬುದು ಯಾವ ಚೆಕ್‌ಲಿಸ್ಟಿಗೂ ಕಾಣುವುದಿಲ್ಲ.) ಹುಡುಗ ಪ್ರತಿ ಅವಧಿಯಲ್ಲೂ ಎರಡು ಸೆಕೆಂಡು ಕಿಟಕಿಯಾಚೆ ನೋಡಿ ಮತ್ತೆ ಲೆಕ್ಕಕ್ಕೆ ಮರಳುತ್ತಾನೆ.

‘ಅವಧಿಯಲ್ಲಿ ಒಮ್ಮೆ ಕಂಡರೂ ಗುರುತು ಹಾಕಿ’ ಎಂಬುದು ನಿಯಮವಾದರೆ 80ಕ್ಕೆ 80 ಟಿಕ್. ವರದಿಯಲ್ಲಿ ಶೇ. 100! ‘ಅವಧಿಯುದ್ದಕ್ಕೂ ಇದ್ದರೆ ಮಾತ್ರ’ ಎಂದರೆ ಸೊನ್ನೆ. ಅವನು ನಿಜವಾಗಿ ಹೊರಗೆ ನೋಡಿದ್ದು 160 ಸೆಕೆಂಡು, ಶೇ. 13ರಷ್ಟು. ಮೊದಲ ನಿಯಮ ಹೊತ್ತನ್ನು ಹಿಗ್ಗಿಸುತ್ತದೆ, ಎರಡನೆಯದು ಕುಗ್ಗಿಸುತ್ತದೆ. ಎಷ್ಟು ಹೊತ್ತು ಎಂಬುದೇ ಪ್ರಶ್ನೆಯಾದರೆ, 15 ಸೆಕೆಂಡಿಗೊಮ್ಮೆ ಮೊಬೈಲ್ ಕಂಪಿಸಿದ ಕ್ಷಣ ತಲೆಯೆತ್ತಿ, ಆಗ ಕಂಡದ್ದನ್ನಷ್ಟೇ ಗುರುತಿಸುವುದು ಲೇಸು. ಆಗ ಹತ್ತು ಹನ್ನೊಂದರ ಆಸುಪಾಸಿನಲ್ಲಿ ಟಿಕ್ ಬಿದ್ದೀತು. ಪಕ್ಕದ ಹುಡುಗನನ್ನೂ ಹೀಗೇ ನೋಡಬೇಕು. ಅವನದೂ ಅಷ್ಟೇ ಬಂದರೆ ‘ಈ ಹುಡುಗನಿಗೆ ಗಮನವಿಲ್ಲ’ ಎಂಬ ದೂರಿಗೆ ಆಧಾರವೇ ಉಳಿಯುವುದಿಲ್ಲ.

ತಪ್ಪು ಕಲ್ಪನೆ: ಈ ಸಮಯ ಮಾದರಿ ಎಲ್ಲ ವರ್ತನೆಗೂ ಸಾಕು.

ಸತ್ಯ: ಅಪರೂಪಕ್ಕೆ ನಡೆದು ಥಟ್ಟನೆ ಮುಗಿಯುವುದಕ್ಕೆ ಸಾಲದು. ಹೆಲೆನ್ ಡಾವೆ 1934ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶಿಶುವಿಹಾರದ ಮಕ್ಕಳ 200 ಜಗಳಗಳಿವೆ. ಅವರು ಗಡಿಯಾರದ ಹಿಂದೆ ಬೀಳಲಿಲ್ಲ. ಜಗಳ ಹತ್ತುವುದನ್ನೇ ಕಾದು, ಯಾರು ಯಾರು, ಯಾತಕ್ಕೆ, ಏನು ಮಾಡಿದರು, ಹೇಗೆ ಮುಗಿಯಿತು ಎಂದು ಬರೆದುಕೊಂಡರು. ಜಗಳದ ಸರಾಸರಿ ಆಯುಸ್ಸು ಸುಮಾರು 24 ಸೆಕೆಂಡು. ಮಕ್ಕಳನ್ನು ಸರದಿಯಂತೆ ಒಬ್ಬೊಬ್ಬರನ್ನಾಗಿ ನೋಡುತ್ತಿದ್ದರೆ ಇಂಥವು ಬಹುಪಾಲು ಕೈತಪ್ಪುತ್ತವೆ. ಸಿಕ್ಕಿದರೂ ಬರೀ ಟಿಕ್ಕು ಜಗಳದ ಕಾರಣ ಹೇಳುವುದಿಲ್ಲ. ಘಟನಾ ಮಾದರಿ ಬೇಕಾಗುವುದು ಇಲ್ಲಿಯೇ.

ತಪ್ಪು ಕಲ್ಪನೆ: ಇಬ್ಬರು ವೀಕ್ಷಕರು ಶೇ. 90ರಷ್ಟು ಒಪ್ಪಿದರೆ ದಾಖಲೆ ನಂಬಬಹುದು.

ಸತ್ಯ: 100 ಅವಧಿಗಳಲ್ಲಿ ಒಬ್ಬರು ಐದಕ್ಕೆ ಟಿಕ್ ಹಾಕಿದರು, ಇನ್ನೊಬ್ಬರು ಬೇರೆಯೇ ಐದಕ್ಕೆ. ಇಬ್ಬರೂ ಖಾಲಿ ಬಿಟ್ಟ 90 ಅವಧಿಗಳು ಒಪ್ಪಿಗೆಯ ಲೆಕ್ಕಕ್ಕೆ ಸೇರಿ ಶೇ. 90 ಆಯಿತು. ಆದರೆ ವರ್ತನೆ ಕಂಡಿತು ಎಂದು ಇಬ್ಬರೂ ಒಟ್ಟಿಗೆ ಹೇಳಿದ್ದು ಒಮ್ಮೆಯೂ ಇಲ್ಲ. ಆದ್ದರಿಂದ ಅಪರೂಪದ ವರ್ತನೆಗೆ, ಇಬ್ಬರಲ್ಲಿ ಒಬ್ಬರಾದರೂ ಟಿಕ್ ಹಾಕಿದ ಅವಧಿಗಳನ್ನಷ್ಟೇ ತೆಗೆದುಕೊಂಡು ಒಪ್ಪಿಗೆಯನ್ನು ಲೆಕ್ಕ ಹಾಕಿ. ಇಲ್ಲಿ ಅದು ಹತ್ತಕ್ಕೆ ಸೊನ್ನೆ.