ತೊಡೆಸಂದಿನ ಗಂಟು: ನೋವು ಇಲ್ಲಿ, ಮೂಲ ಕಾಲ್ಬೆರಳಲ್ಲಿ

ನಾಟಿ ಮುಗಿದು ಮೂರು ದಿನವಾಗಿದೆ. ಮಲೆನಾಡಿನ ಒಂದು ತಾಲ್ಲೂಕು ಆಸ್ಪತ್ರೆಗೆ ನಲವತ್ತರ ಆಸುಪಾಸಿನ ರೈತರೊಬ್ಬರು ಬಲತೊಡೆಯ ಸಂದಿಗೆ ಕೈ ಒತ್ತಿಕೊಂಡು ಕುಂಟುತ್ತ ಬಂದಿದ್ದಾರೆ ಎಂದುಕೊಳ್ಳಿ. ಹಿಂದಿನ ರಾತ್ರಿ ಚಳಿಜ್ವರ ಬಂದಿತ್ತು. ಬೆಳಿಗ್ಗೆ ನೋಡಿಕೊಂಡರೆ ತೊಡೆಸಂದಿನಲ್ಲಿ ಅಡಿಕೆ ಗಾತ್ರದ ಗಂಟು, ಮುಟ್ಟಿದರೆ ಜೀವ ಹೋಗುವಷ್ಟು ನೋವು.

"ಮೊನ್ನೆ ಗೊಬ್ಬರದ ಮೂಟೆ ಎತ್ತಿದ್ದೆ ಡಾಕ್ಟ್ರೇ. ಹರ್ನಿಯಾ ಇಳಿದಿರಬೇಕು. ಆಪರೇಷನ್ ಮಾಡ್ಲೇಬೇಕಾ?"

ಡಾಕ್ಟರು ಉತ್ತರ ಹೇಳದೆ ಅವರನ್ನು ನಿಲ್ಲಿಸಿ, ಗಂಟಿನ ಮೇಲೆ ಬೆರಳಿಟ್ಟು ಕೆಮ್ಮಿಸಿದರು. ಗಂಟು ಉಬ್ಬಲಿಲ್ಲ. ಮಂಚದ ಮೇಲೆ ಮಲಗಿಸಿದರು. ಗಂಟು ಒಳಗೆ ಸರಿಯಲಿಲ್ಲ, ಇದ್ದಲ್ಲೇ ಇತ್ತು. ಆಮೇಲೆ ಟಾರ್ಚ್ ಹಿಡಿದು ನೇರ ಪಾದದ ಕಡೆ ಹೋದರು. ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಚರ್ಮ ನೆನೆದ ಕಾಗದದ ಹಾಗೆ ಬೆಳ್ಳಗಾಗಿ ಬಿರಿದಿತ್ತು. ಬಿರುಕಿನಲ್ಲಿ ಚೂರು ಕೀವು. ಅಲ್ಲಿಂದ ಹೊರಟ ತೆಳುವಾದ ಕೆಂಪು ಗೆರೆಯೊಂದು ಕಣಕಾಲಿನ ಒಳಬದಿ ಹಾದು ಮೇಲಕ್ಕೆ ಏರಿತ್ತು.

"ನಿಮ್ಮ ಕಾಯಿಲೆ ಇಲ್ಲಿದೆ. ಮೇಲಿರೋದು ಗಳಲೆ ಅಷ್ಟೆ," ಎಂದರು ಡಾಕ್ಟರು.

ಮಳೆಗಾಲದಲ್ಲಿ ಇಂಥ ರೋಗಿ ಅಪರೂಪವಲ್ಲ. ತೊಡೆಸಂದಿನಲ್ಲಿ ಗಂಟು ಕಂಡರೆ ನಮ್ಮಲ್ಲಿ ಮೊದಲು ನೆನಪಾಗುವುದು ಹರ್ನಿಯಾ, ಹಳಬರ ಬಾಯಲ್ಲಿ ಅಂಡವಾಯು. ಆದರೆ ಒಂದೇ ಜಾಗದಲ್ಲಿ ಎರಡು ಬೇರೆ ಬೇರೆ ವಸ್ತುಗಳು ಉಬ್ಬಬಹುದು. ಒಂದು, ಹೊಟ್ಟೆಯ ಗೋಡೆಯ ಬಲಹೀನ ಜಾಗದಲ್ಲಿ ನುಗ್ಗಿ ಬಂದ ಕೊಬ್ಬು ಅಥವಾ ಕರುಳು. ಇನ್ನೊಂದು, ಕೆಳಗಿನಿಂದ ಬಂದ ಸೋಂಕನ್ನು ತಡೆಯಲು ಹೋಗಿ ತಾನೇ ಊದಿಕೊಂಡ ದುಗ್ಧರಸ ಗ್ರಂಥಿ.

ಗ್ರಂಥಿಗೆ ಎಲ್ಲೆಲ್ಲಿಂದ ನೀರು ಬರುತ್ತದೆ

ರಕ್ತನಾಳಗಳಿಂದ ಜೀವಕೋಶಗಳ ನಡುವೆ ಜಿನುಗುವ ದ್ರವದಲ್ಲಿ ಒಂದು ಪಾಲು ರಕ್ತನಾಳಕ್ಕೆ ವಾಪಸಾಗದೆ ಬೇರೆ ಸಣ್ಣ ಕೊಳವೆಗಳಲ್ಲಿ ಹರಿಯುತ್ತದೆ. ಅದೇ ದುಗ್ಧರಸ. ದಾರಿಯಲ್ಲಿ ಅಲ್ಲಲ್ಲಿ ಅದನ್ನು ಸೋಸುವ ಗ್ರಂಥಿಗಳಿವೆ. ರಸದ ಜೊತೆ ಬ್ಯಾಕ್ಟೀರಿಯಾ ಬಂದರೆ ಗ್ರಂಥಿಯೊಳಗಿನ ಬಿಳಿ ರಕ್ತಕಣಗಳು ಅಲ್ಲೇ ಸಂಖ್ಯೆ ಹೆಚ್ಚಿಸಿಕೊಳ್ಳುತ್ತವೆ, ಗ್ರಂಥಿ ಬೇಗ ಊದುತ್ತದೆ. ಅದರ ಹೊರಕವಚ ಬಿಗಿಯಾಗಿ ಎಳೆದುಕೊಳ್ಳುವುದರಿಂದಲೇ ಅಷ್ಟು ನೋವು.

ತೊಡೆಸಂದಿನಲ್ಲಿ ಈ ಗ್ರಂಥಿಗಳು ಎರಡು ಸಾಲಾಗಿವೆ. ಒಂದು ಸಾಲು ತೊಡೆಯ ಮಡಿಕೆಗೆ ಸಮಾನಾಂತರವಾಗಿ ಅಡ್ಡಕ್ಕೆ, ಇನ್ನೊಂದು ಅದರ ಕೆಳಗೆ ತೊಡೆಯ ಉದ್ದಕ್ಕೆ. ಉದ್ದ ಸಾಲಿಗೆ ಹೆಚ್ಚಾಗಿ ಕಾಲಿನ ಚರ್ಮದಿಂದ ರಸ ಬರುತ್ತದೆ. ಅಡ್ಡ ಸಾಲಿಗೆ ಹೊಕ್ಕುಳಿನ ಕೆಳಗಿನ ಹೊಟ್ಟೆಯ ಚರ್ಮ, ಪಿರ್ರೆ, ಗುದದ್ವಾರದ ಸುತ್ತಲಿನ ಚರ್ಮ ಮತ್ತು ಜನನಾಂಗದ ಹೊರಭಾಗಗಳಿಂದ ಬರುತ್ತದೆ. ಹಾಗಾಗಿ ಯಾವ ಸಾಲು ಊದಿದೆ ಎಂಬುದೇ ಎಲ್ಲಿ ಹುಡುಕಬೇಕು ಎಂದು ಅರ್ಧ ಹೇಳಿಬಿಡುತ್ತದೆ.

ಇದಕ್ಕೆ ಎರಡು ಅಪವಾದಗಳನ್ನು ತಿಳಿದಿರಬೇಕು. ಹಿಮ್ಮಡಿ ಮತ್ತು ಪಾದದ ಹೊರಬದಿಯ ರಸ ಮೊದಲು ಮಂಡಿಯ ಹಿಂಭಾಗದ ಗ್ರಂಥಿಗೆ ಹೋಗುತ್ತದೆ, ಆಮೇಲೆ ತೊಡೆಸಂದಿನ ಆಳಕ್ಕೆ. ವೃಷಣದ ರಸ ತೊಡೆಸಂದಿಗೆ ಬರುವುದೇ ಇಲ್ಲ, ನೇರ ಹೊಟ್ಟೆಯೊಳಗಿನ ಗ್ರಂಥಿಗಳಿಗೆ ಸೇರುತ್ತದೆ. ವೃಷಣದಲ್ಲಿ ಗಡ್ಡೆಯಿದ್ದರೂ ತೊಡೆಸಂದಿನಲ್ಲಿ ಏನೂ ಸಿಗದಿರುವುದು ಇದೇ ಕಾರಣಕ್ಕೆ.

ಬರಿಗಾಲಲ್ಲಿ ನಡೆದು ದುಡಿಯುವವರ ತೊಡೆಸಂದನ್ನು ಸವರಿದರೆ ಕಡಲೆಕಾಳು, ಬಟಾಣಿ ಗಾತ್ರದ ನೋವಿಲ್ಲದ ಗಂಟುಗಳು ಸಿಗುವುದು ಸಾಮಾನ್ಯ. ವರ್ಷಗಟ್ಟಲೆ ಮುಳ್ಳು, ಗೀರು, ಕೆಸರುಹುಣ್ಣುಗಳ ಗುರುತು ಅವು. ಒಂದು, ಒಂದೂವರೆ ಸೆಂಟಿಮೀಟರಿನವರೆಗಿನ ಇಂಥ ಮೆತ್ತನೆಯ ಗಂಟಿಗೆ ಗಾಬರಿ ಬೇಡ.

ನಿಂತು ಕೆಮ್ಮಿ, ಮಲಗಿ ನೋಡಿ

ಹರ್ನಿಯಾದ ಸ್ವಭಾವ ಬೇರೆ. ಅದು ಹೊಟ್ಟೆಯೊಳಗಿನ ಒತ್ತಡಕ್ಕೆ ಕುಣಿಯುತ್ತದೆ. ನಿಂತಾಗ, ಕೆಮ್ಮಿದಾಗ, ಮುಕ್ಕಿದಾಗ ಉಬ್ಬುತ್ತದೆ. ಮಲಗಿದರೆ ಹೆಚ್ಚಿನ ಹರ್ನಿಯಾಗಳು ತಾವಾಗಿ ಒಳಗೆ ಹೋಗುತ್ತವೆ. ಸಂಜೆ ಹೊತ್ತಿಗೆ ಭಾರ, ಎಳೆತ ಇರುತ್ತದೆ, ಬೆಳಿಗ್ಗೆ ಏಳುವಾಗ ಏನೂ ಇರುವುದಿಲ್ಲ. ಜ್ವರ ಇರುವುದಿಲ್ಲ, ಮೇಲಿನ ಚರ್ಮ ಬಿಸಿಯಾಗಿರುವುದಿಲ್ಲ. ತಿಂಗಳುಗಟ್ಟಲೆ ಬಂದು ಹೋಗುತ್ತ ನಿಧಾನಕ್ಕೆ ದೊಡ್ಡದಾಗುತ್ತದೆ.

ಸೋಂಕಿನ ಗ್ರಂಥಿ ಎರಡು ಮೂರು ದಿನದಲ್ಲೇ ಎದ್ದು ನಿಲ್ಲುತ್ತದೆ. ಕೆಮ್ಮಿದರೂ ಅಷ್ಟೆ, ಮಲಗಿದರೂ ಅಷ್ಟೆ. ಒತ್ತಿದರೆ ನೋವು, ಮೇಲೆ ಬಿಸಿ, ಜೊತೆಗೆ ಜ್ವರ. ಜಾಗದಲ್ಲೂ ವ್ಯತ್ಯಾಸವಿದೆ. ಸಾಮಾನ್ಯ ಹರ್ನಿಯಾ ತೊಡೆಯ ಮಡಿಕೆಯ ಮೇಲ್ಭಾಗದಲ್ಲಿ ಹುಟ್ಟಿ ಗಂಡಸರಲ್ಲಿ ವೃಷಣಚೀಲದ ಕಡೆ ಇಳಿಯುತ್ತದೆ. ಗ್ರಂಥಿಗಳು ಹೆಚ್ಚಾಗಿ ಮಡಿಕೆಯ ಗುಂಟ ಮತ್ತು ಅದರ ಕೆಳಗೆ.

ಈ ಎರಡು ಪರೀಕ್ಷೆಗಳನ್ನು ಯಾರು ಬೇಕಾದರೂ ಮನೆಯಲ್ಲೇ ಮಾಡಿ ನೋಡಬಹುದು. ಆದರೆ ಅವು ಎಲ್ಲಿ ಕೈಕೊಡುತ್ತವೆ ಎಂಬುದು ಅದಕ್ಕಿಂತ ಮುಖ್ಯ.

ಮಡಿಕೆಯ ಕೆಳಗೆ, ಕಾಲಿನ ದೊಡ್ಡ ರಕ್ತನಾಳಗಳ ಪಕ್ಕದಲ್ಲಿ ಒಂದು ಕಿರಿದಾದ ಸಂದಿಯಿದೆ. ಅಲ್ಲಿಂದ ಇಳಿಯುವುದಕ್ಕೆ ಫೆಮೊರಲ್ ಹರ್ನಿಯಾ ಎನ್ನುತ್ತಾರೆ. ಗಂಡಸರಿಗಿಂತ ಹೆಂಗಸರಲ್ಲಿ, ಅದರಲ್ಲೂ ವಯಸ್ಸಾದವರಲ್ಲಿ ಹೆಚ್ಚು. ದ್ವಾರ ಬಿಗಿ ಇರುವುದರಿಂದ ಒಳಗೆ ನುಗ್ಗಿದ್ದು ಹಿಂದಕ್ಕೆ ಹೋಗುವುದಿಲ್ಲ, ಕೆಮ್ಮಿದರೂ ಉಬ್ಬುವುದಿಲ್ಲ. ನೋಡಲು ನಿಂಬೆಹಣ್ಣಿನಷ್ಟೇ ಇರುವ ಈ ಗಂಟನ್ನು ಗಳಲೆ ಎಂದುಕೊಂಡು ಮಾತ್ರೆ ನುಂಗುತ್ತ ಕೂತವರಿದ್ದಾರೆ. ಅಷ್ಟರಲ್ಲಿ ಒಳಗೆ ಕರುಳು ಹಿಸುಕಿಕೊಂಡು ರಕ್ತ ಸಂಚಾರ ನಿಂತರೆ ಕೆಲವೇ ಗಂಟೆಗಳಲ್ಲಿ ಆ ತುಂಡು ಸಾಯುತ್ತದೆ. ಆಗ ಗಂಟು ನೋಯುತ್ತದೆ, ಕೆಂಪಾಗುತ್ತದೆ, ಸೋಂಕಿನ ಗ್ರಂಥಿಯಂತೆಯೇ ಕಾಣುತ್ತದೆ.

ಅದನ್ನು ಬೇರ್ಪಡಿಸುವ ಸುಳಿವು ಹೊಟ್ಟೆಯಲ್ಲಿದೆ. ವಾಂತಿ, ಹೊಟ್ಟೆ ಉಬ್ಬರ, ಹಿಂಡುವ ನೋವು, ಮಲ ಮತ್ತು ಗಾಳಿ ಎರಡೂ ಹೋಗದಿರುವುದು. ಗಂಟಿನ ಜೊತೆ ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವವರೆಗೆ ಕಾಯಬಾರದು. ಕರುಳಿನ ಒಂದು ಬದಿ ಮಾತ್ರ ಸಿಕ್ಕಿಕೊಂಡಿದ್ದರೆ ಗಾಳಿ ಹೋಗುತ್ತಲೇ ಇರಬಹುದು, ಆದ್ದರಿಂದ ಅದೊಂದನ್ನೇ ನಂಬಿ ಸಮಾಧಾನಪಡಬೇಡಿ. ನೋಯುತ್ತಿರುವ ಗಂಟನ್ನು ಒತ್ತಿ ಒಳಗೆ ತಳ್ಳುವುದು, ಎಣ್ಣೆ ಹಾಕಿ ನೀವಿಸುವುದು ಅಪಾಯ. ಕೀವಿನ ಕುರು ಎಂದುಕೊಂಡು ಬ್ಲೇಡು ತಾಗಿಸಿದರಂತೂ ಕರುಳೇ ತೂತಾದೀತು. ಅನುಮಾನ ಇದ್ದಲ್ಲಿ ಒಂದು ಅಲ್ಟ್ರಾಸೌಂಡ್ ಸ್ಕ್ಯಾನ್ ಒಳಗಿರುವುದು ಗ್ರಂಥಿಯೋ ಕರುಳೋ ಎಂದು ಸಾಮಾನ್ಯವಾಗಿ ತೋರಿಸುತ್ತದೆ.

ಹೇಳಲು ನಾಚುವ ಜಾಗ

ಪಾದದಲ್ಲಿ, ಕಾಲಲ್ಲಿ, ಪಿರ್ರೆಯಲ್ಲಿ ಗಾಯ ಸಿಗದಿದ್ದರೆ ಉಳಿಯುವುದು ಜನನಾಂಗ. ಡಾಕ್ಟರು ಪರದೆ ಎಳೆದು, ಜೊತೆಗೆ ಬಂದವರನ್ನು ಹೊರಗೆ ಕಳಿಸಿ ಕೇಳುವ ಪ್ರಶ್ನೆ ಇದೇ ಕಾರಣಕ್ಕೆ. ಅಲ್ಲಿ ಹುಣ್ಣು ಇದೆಯೇ, ಇತ್ತೀಚೆಗೆ ಇದ್ದು ಮಾಯವಾಯಿತೇ?

ನೋವಿಲ್ಲದ ಒಂದೇ ಹುಣ್ಣು, ಎರಡೂ ಕಡೆ ರಬ್ಬರಿನಂಥ ನೋವಿಲ್ಲದ ಗಂಟುಗಳು ಇದ್ದರೆ ಸಿಫಿಲಿಸ್ ಮನಸ್ಸಿಗೆ ಬರುತ್ತದೆ. ಸಂಪರ್ಕವಾಗಿ ಸಾಮಾನ್ಯವಾಗಿ ಮೂರು ವಾರದ ಹೊತ್ತಿಗೆ ಆ ಹುಣ್ಣು ಕಾಣಿಸಿಕೊಳ್ಳುತ್ತದೆ, ಔಷಧಿ ಇಲ್ಲದೆಯೂ ಒಣಗುತ್ತದೆ. ರೋಗ ಮಾತ್ರ ಒಳಗೇ ಉಳಿಯುತ್ತದೆ. ಗುಂಪು ಗುಂಪಾದ ಉರಿಯುವ ಗುಳ್ಳೆಗಳ ಜೊತೆ ಎರಡೂ ಕಡೆ ನೋಯುವ ಗಂಟುಗಳಿದ್ದರೆ ಹರ್ಪಿಸ್. ಇನ್ನೊಂದು ಬಗೆಯಲ್ಲಿ ಹುಣ್ಣು ಎಷ್ಟು ಸಣ್ಣದೆಂದರೆ ಬಂದದ್ದೂ ಹೋದದ್ದೂ ಗೊತ್ತಾಗುವುದಿಲ್ಲ. ಕೆಲವು ವಾರ ಕಳೆದ ಮೇಲೆ ಒಂದು ಕಡೆ ದೊಡ್ಡ ನೋವಿನ ಗಡ್ಡೆ ಏಳುತ್ತದೆ, ಕೆಲವರಲ್ಲಿ ಮಡಿಕೆಯ ಮೇಲೂ ಕೆಳಗೂ ಗಂಟು ಎದ್ದು ನಡುವೆ ತೋಡಿನಂತೆ ಕಾಣುತ್ತದೆ. ಇದು ಕ್ಲಮಿಡಿಯಾ ಜಾತಿಯ ಬ್ಯಾಕ್ಟೀರಿಯಾದ ಕೆಲಸ, ಎಲ್‌ಜಿವಿ ಎನ್ನುತ್ತಾರೆ.

ಜಿಲ್ಲಾ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಇಂಥ ಗಡ್ಡೆಗೆಂದೇ ಕಪ್ಪು ಬಣ್ಣದ 7ನೇ ಕಿಟ್ ನಿಗದಿಯಾಗಿದೆ. ಅದರಲ್ಲಿ ಒಂದು ಸಲಕ್ಕೆ ನುಂಗುವ ಅಜಿತ್ರೊಮೈಸಿನ್, 21 ದಿನ ತೆಗೆದುಕೊಳ್ಳುವ ಡಾಕ್ಸಿಸೈಕ್ಲಿನ್ ಇರುತ್ತದೆ. ಗರ್ಭಿಣಿಯರಿಗೆ ಬೇರೆ ಔಷಧಿ ಕೊಡಬೇಕಾಗುತ್ತದೆ, ಹಾಗಾಗಿ ವಿಷಯ ಮುಚ್ಚಿಡಬಾರದು. ಗಡ್ಡೆಯನ್ನು ಕೊಯ್ಯುವುದಿಲ್ಲ. ಕೊಯ್ದರೆ ಗಾಯ ಮಾಯದೆ ತಿಂಗಳುಗಟ್ಟಲೆ ಸೋರಬಹುದು. ಕೀವು ತುಂಬಿದ್ದರೆ ಪಕ್ಕದ ಆರೋಗ್ಯವಾದ ಚರ್ಮದ ಮೂಲಕ ಸೂಜಿ ಹಾಕಿ ಎಳೆಯುತ್ತಾರೆ. ಸಂಗಾತಿಗೂ ಚಿಕಿತ್ಸೆ, ಇಬ್ಬರಿಗೂ ಎಚ್‌ಐವಿ ಮತ್ತು ಸಿಫಿಲಿಸ್ ರಕ್ತಪರೀಕ್ಷೆ ಆಗಬೇಕು. ಮೂರನೇ ದಿನಕ್ಕೆ ನೋವು ಇಳಿಯಿತೆಂದು ಮಾತ್ರೆ ಬಿಡುವುದೇ ಇಲ್ಲಿ ಆಗುವ ದೊಡ್ಡ ತಪ್ಪು.

ಮತ್ತೆ ಆ ರೈತರ ಕಡೆಗೆ

ನಮ್ಮ ರೈತರಿಗೆ ಹುಣ್ಣಿನ ಕಥೆ ಇರಲಿಲ್ಲ. ಡಾಕ್ಟರು ಬೆರಳ ಸಂದಿಯನ್ನು ತೊಳೆಸಿ, ರಕ್ತದ ಸಕ್ಕರೆ ನೋಡಿದರು. ಕಾಲಿನ ನಂಜು ಬೇಗ ಏರುವುದಕ್ಕೆ ಗೊತ್ತಿಲ್ಲದೆ ಇರುವ ಮಧುಮೇಹವೂ ಕಾರಣವಾಗಬಹುದು. ಧನುರ್ವಾಯು ಚುಚ್ಚುಮದ್ದು, ಒಂದು ವಾರದ ಆ್ಯಂಟಿಬಯೋಟಿಕ್, ಬೆರಳ ಸಂದಿಗೆ ಶಿಲೀಂಧ್ರದ ಮುಲಾಮು ಬರೆದುಕೊಟ್ಟರು. ಕಾಲನ್ನು ದಿಂಬಿನ ಮೇಲೆ ಎತ್ತಿಡಲು, ನಾಲ್ಕು ದಿನ ಗದ್ದೆಗೆ ಇಳಿಯದಿರಲು ಹೇಳಿದರು. ಬಾಲ್‌ಪೆನ್ನಿನಿಂದ ಕೆಂಪು ಗೆರೆಯ ತುದಿಗೆ ಗುರುತು ಹಾಕಿ, "ನಾಳೆ ಇದನ್ನು ದಾಟಿ ಮೇಲೆ ಹೋಗಿದ್ದರೆ ತಕ್ಷಣ ಬನ್ನಿ," ಎಂದರು. ಗೆರೆ ದಾಟಲಿಲ್ಲ. ಎರಡನೇ ದಿನ ಜ್ವರ ಬಿಟ್ಟಿತು, ಐದನೇ ದಿನ ಕುಂಟು ಹೋಯಿತು. ಗಂಟು ಪೂರ್ತಿ ಇಳಿಯಲು ಮೂರು ವಾರ ಹಿಡಿಯಿತು. ಸೋಂಕು ಹೋದಷ್ಟು ಬೇಗ ಗ್ರಂಥಿ ಕುಗ್ಗುವುದಿಲ್ಲ. ಅದನ್ನು ದಿನವೂ ಹಿಸುಕಿ ನೋಡುತ್ತಿದ್ದರೆ ಇನ್ನೂ ತಡ.

ಕೆಂಪು ಗೆರೆಯ ದಿಕ್ಕೂ ಮಾತಾಡುತ್ತದೆ. ಬ್ಯಾಕ್ಟೀರಿಯಾದ ಸೋಂಕಿನಲ್ಲಿ ಅದು ಗಾಯದಿಂದ ಮೇಲಕ್ಕೆ ಏರುತ್ತದೆ. ಗಾಯವಿಲ್ಲದೆ, ತೊಡೆಸಂದಿನ ಗ್ರಂಥಿಯಿಂದ ಶುರುವಾಗಿ ಕಾಲಿನ ಕೆಳಕ್ಕೆ ಇಳಿದರೆ, ಅದೂ ಜ್ವರದೊಡನೆ ಮತ್ತೆ ಮತ್ತೆ ಬಂದರೆ, ಆನೆಕಾಲು ರೋಗದ ಹುಳು ಅನುಮಾನಕ್ಕೆ ಬರಬೇಕು. ಕರಾವಳಿ, ಕಲಬುರಗಿ, ಬೀದರ್ ಸೀಮೆಯವರು ಇದನ್ನು ನೆನಪಿಟ್ಟುಕೊಳ್ಳಬೇಕು. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗಿನಲ್ಲೂ ಗಡ್ಡೆ ಹೆಚ್ಚಾಗಿ ಎದ್ದದ್ದು ತೊಡೆಸಂದಿನಲ್ಲೇ. ಇಲಿಯ ಚಿಗಟಗಳು ಕಚ್ಚುತ್ತಿದ್ದದ್ದು ಕಾಲಿಗೆ.

ನಾಲ್ಕು ವಾರವಾದರೂ ಇಳಿಯದ, ಎರಡು ಸೆಂಟಿಮೀಟರಿಗೆ ಮೀರಿದ, ಕಲ್ಲಿನಂತೆ ಗಟ್ಟಿಯಾದ, ಅಲುಗಾಡದ ಗಂಟಿಗೆ ನೋವಿಲ್ಲ ಎಂದು ಸುಮ್ಮನಿರಬೇಡಿ. ಕ್ಷಯವೋ ಕ್ಯಾನ್ಸರೋ ಎಂದು ತಿಳಿಯಲು ಅದರ ಚೂರನ್ನು ತೆಗೆದು ಪರೀಕ್ಷಿಸಬೇಕಾಗುತ್ತದೆ.

ಉಳಿದಂತೆ ಕ್ರಮ ಇಷ್ಟೇ. ನಿಂತು ಕೆಮ್ಮಿ, ಮಲಗಿ ನೋಡಿ. ಕಾಲ್ಬೆರಳ ಸಂದಿಯಿಂದ ಜನನಾಂಗದವರೆಗೆ ಹುಣ್ಣು, ಗಾಯ ಹುಡುಕಿ, ಕಂಡದ್ದನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಗಂಟಿನ ಜೊತೆ ವಾಂತಿ ಶುರುವಾದರೆ ಹುಡುಕುತ್ತ ಕೂರಬೇಡಿ, ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗೆ ಆ ಗಳಿಗೆಯೇ ಹೊರಡಿ.