ಧನ ದನವಾದಾಗ

1950ರ ಸುಮಾರಿಗೆ ಧಾರವಾಡದ ಕಡೆಯ ಒಂದು ಹಳ್ಳಿಯವರು ವಾಚನಾಲಯಕ್ಕೆ ಕಟ್ಟಡ ಕಟ್ಟಿಸಲು ವಂತಿಗೆ ಕೇಳುವ ಪತ್ರವನ್ನು ಅಚ್ಚು ಹಾಕಿಸಿ ನಾಲ್ಕೂರಿಗೆ ಅಂಚೆಯಲ್ಲಿ ಕಳಿಸಿದರು ಎಂದಿಟ್ಟುಕೊಳ್ಳಿ. ಅದರ ಒಂದು ಪ್ರತಿ ಯಾರದೋ ಟ್ರಂಕಿನಲ್ಲಿ ಉಳಿದಿದೆ. ಸ್ಕ್ಯಾನ್ ಮಾಡಿ, ಚಿತ್ರದಿಂದ ಅಕ್ಷರ ಗುರುತಿಸುವ ಒಸಿಆರ್ ತಂತ್ರಾಂಶಕ್ಕೆ ಕೊಟ್ಟರೆ ಹೊರಬರುವುದು ಹೆಚ್ಚುಕಡಿಮೆ ಹೀಗಿರುತ್ತದೆ:

> ವೂನ್ಯರೇ, ನಮ್ಮ ಊರಿನ ವಾಚನಾಲಯ ಕ್ಕೆ ಸ್ವಂತ ಕಟ್ಟಡ ಕಟ್ಟಿಸ ಬೇಕೆಂದು ಹಿರಿಯರು ನಿಧ೯ರಿಸಿದ್ದಾರೆ. ಈ ಕಾಯ೯ಕ್ಕೆ ಅ೦ದಾಜು ೧೫ಂಂ ರೂಪಾಯಿ ಬೇಕಾಗುವದು. ಇದುವರೆಗೆ ಊರಲ್ಲಿ ೬೦೦, ಪರಸ್ಥಳಗಳಿಂದ ೧೫೦, ಒಟ್ಟು ೪೫೦ ರೂಪಾಯಿ ಕೂಡಿದೆ. ತಾವು ದನ ಸಹಾಯ ಮಾಡಬೇಕಾಗಿ ವಿನಂತಿ.

ಉದಾಹರಣೆಗೆಂದು ನಾನೇ ಹೆಣೆದ ಪತ್ರ ಇದು. ಆದರೆ ಇದರಲ್ಲಿರುವ ಒಂದೊಂದು ತಪ್ಪೂ ಹಳೆಯ ಕನ್ನಡ ಮುದ್ರಣವನ್ನು ಒಸಿಆರ್ ಮಾಡಿದವರಿಗೆ ನಿತ್ಯದ ಗಿರಾಕಿ. ಓದುವಾಗ ನಮ್ಮ ಕಣ್ಣು ಇವುಗಳಲ್ಲಿ ಅರ್ಧದಷ್ಟನ್ನು ತಾನಾಗಿಯೇ ಸರಿಮಾಡಿಕೊಂಡು ಮುಂದೆ ಹೋಗುತ್ತದೆ. ಹುಡುಕಾಟಕ್ಕೆ ಕುಳಿತ ಕಂಪ್ಯೂಟರ್ ಹಾಗೆ ಮಾಡುವುದಿಲ್ಲ. ಈ ಕಡತದಲ್ಲಿ ‘ಅಂದಾಜು’ ಎಂದು ಹುಡುಕಿದರೆ ಅದು ಸಿಗುವುದೇ ಇಲ್ಲ.

ಯಾಕೆಂದರೆ ನಾವು ಸೊನ್ನೆ ಎಂದು ಕರೆಯುವುದು ಎರಡು ಬೇರೆ ಬೇರೆ ಚಿಹ್ನೆಗಳನ್ನು. ಅಂಕಿಯ ಸೊನ್ನೆಗೆ ಯುನಿಕೋಡ್‌ನಲ್ಲಿ `U+0CE6` ಎಂಬ ಸಂಖ್ಯೆ, ಅನುಸ್ವಾರಕ್ಕೆ `U+0C82`. ಕಾಗದದ ಮೇಲೆ ಎರಡೂ ಒಂದು ದುಂಡು ಉಂಗುರ, ಅಷ್ಟೆ. ಒಸಿಆರ್ ಒಮ್ಮೆ ಇದನ್ನು, ಒಮ್ಮೆ ಅದನ್ನು ಇಡುತ್ತದೆ. ಅರ್ಕಾವೊತ್ತಿನ ಗತಿಯೂ ಇದೇ. ಅದರ ಆಕಾರ ಅಂಕಿ ಒಂಬತ್ತನ್ನೇ ಹೋಲುವುದರಿಂದ ‘ಕಾರ್ಯ’ವು ‘ಕಾಯ೯’ ಆಗುತ್ತದೆ. ಇಲ್ಲಿ ಇನ್ನೊಂದು ತೊಡಕಿದೆ. ಬರಹದಲ್ಲಿ ಅರ್ಕಾವೊತ್ತು ಅಕ್ಷರದ ಬಲಕ್ಕೆ ಕೂರುತ್ತದೆ, ಕಂಪ್ಯೂಟರಿನ ಕಡತದಲ್ಲಿ ಮಾತ್ರ ಉಚ್ಚಾರಣೆಯ ಕ್ರಮದಂತೆ ‘ರ್’ ಮೊದಲು ಬರಬೇಕು. ಹಾಗಾಗಿ ೯ನ್ನು ಅಳಿಸಿ ‘ರ್’ ಬರೆದರೆ ಸಾಲದು, ಅದನ್ನು ಹಿಂದಿನ ಅಕ್ಷರಕ್ಕೂ ಮೊದಲು ಎತ್ತಿಡಬೇಕು.

ಈ ಬಗೆಯ ತಪ್ಪುಗಳಿಗೆ ನಿಘಂಟು ಬೇಕಿಲ್ಲ. ಕನ್ನಡದ ಅಕ್ಷರ ಜೋಡಣೆಯಲ್ಲಿ ಏನು ಸಾಧ್ಯ, ಏನು ಅಸಾಧ್ಯ ಎಂಬುದೇ ಸಾಕು. ಅಕ್ಷರದ ಬೆನ್ನಿಗೆ ಅಂಟಿಕೊಂಡು ಅಂಕಿಯ ಸೊನ್ನೆ ಬರುವುದಿಲ್ಲ. ಅಂಕಿಯ ಬೆನ್ನಿಗೆ ಅನುಸ್ವಾರ ಬರುವುದಿಲ್ಲ. ಪೈಥಾನ್ ಭಾಷೆಯಲ್ಲಿ ಈ ಎರಡು ನಿಯಮಗಳನ್ನೂ ಅರ್ಕಾವೊತ್ತಿನದನ್ನೂ ಹೀಗೆ ಹೇಳಬಹುದು:

```
import re
t = re.sub('(?<=[\u0C85-\u0CCC])\u0CE6', '\u0C82', t)
t = re.sub('([\u0CE6-\u0CEF])(\u0C82+)',
           lambda m: m[1] + '\u0CE6' * len(m[2]), t)
t = re.sub('([ಕ-ಹ](?:\u0CCD[ಕ-ಹ])*[\u0CBE-\u0CCC]?)\u0CEF',
           'ರ\u0CCD\\1', t)
```

ಮೊದಲ ನಿಯಮಕ್ಕೆ ‘ಅ೦ದಾಜು’ ಸರಿಯಾಯಿತು, ಎರಡನೆಯದಕ್ಕೆ ‘೧೫ಂಂ’ ನಿಜವಾದ ೧೫೦೦ ಆಯಿತು, ಮೂರನೆಯದಕ್ಕೆ ‘ನಿರ್ಧರಿಸಿದ್ದಾರೆ’, ‘ಕಾರ್ಯಕ್ಕೆ’ ಮರಳಿದವು. ಮೂರನೆಯ ನಿಯಮದ ಮೇಲೆ ಮಾತ್ರ ಒಂದು ಕಣ್ಣಿರಲಿ. ಪದಕ್ಕೂ ಅದರ ಮುಂದಿನ ಅಂಕಿಗೂ ನಡುವಿನ ಜಾಗ ಕಳೆದುಹೋಗಿ ‘ಪುಟ೯’ ಎಂದಾಗಿದ್ದರೆ ಈ ಸಾಲು ಅದನ್ನು ‘ಪುರ್ಟ’ ಮಾಡಿಬಿಡುತ್ತದೆ. ಪದದ ಕೊನೆಯಲ್ಲಿ ೯ ಇರುವ ಕಡೆಗಳನ್ನು ಬದಲಿಸುವ ಮೊದಲು ಪಟ್ಟಿಮಾಡಿ ನೋಡುವುದು ಕ್ಷೇಮ.

ಇನ್ನು ‘ವೂನ್ಯರೇ’. ಮೂಲದಲ್ಲಿ ‘ಮಾನ್ಯರೇ’ ಇತ್ತೆಂದು ನಮಗೆ ಗೊತ್ತು. ‘ವ’ ಅಕ್ಷರದ ಬಲಕ್ಕೆ ಒಂದು ಕೊಂಬು ಸೇರಿಸಿದರೆ ‘ಮ’ದ ಆಕಾರವೇ ಬಂದುಬಿಡುತ್ತದೆ. ಅದಕ್ಕೇ ‘ವು’ ಬರೆಯುವಾಗ ಕೊಂಬನ್ನು ಬಹುತೇಕ ಅಕ್ಷರಗಳಂತೆ ಪಕ್ಕಕ್ಕೆ ಎಳೆಯದೆ ಕೆಳಕ್ಕೆ ಇಳಿಸುತ್ತೇವೆ. ಸವೆದ ಮೊಳೆಯಲ್ಲಿ ಈ ವ್ಯತ್ಯಾಸ ಉಳಿಯುವುದಿಲ್ಲ. ‘ಮ’ ಮತ್ತು ‘ವು’, ‘ಮಾ’ ಮತ್ತು ‘ವೂ’ ಅದಲುಬದಲಾಗುತ್ತವೆ.

ತಿದ್ದುವ ತಂತ್ರಾಂಶಗಳು ಸಾಮಾನ್ಯವಾಗಿ ಹಿಡಿಯುವ ದಾರಿ ಲೆವೆನ್‌ಸ್ಟೈನ್ ದೂರದ್ದು. ಸೋವಿಯತ್ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಸ್ಟೈನ್ 1965ರಲ್ಲಿ ಕೊಟ್ಟ ಅಳತೆ ಇದು: ಒಂದು ಪದವನ್ನು ಇನ್ನೊಂದಾಗಿಸಲು ಎಷ್ಟು ಚಿಹ್ನೆಗಳನ್ನು ಸೇರಿಸಬೇಕು, ತೆಗೆಯಬೇಕು ಅಥವಾ ಬದಲಿಸಬೇಕು ಎಂಬ ಎಣಿಕೆ. ನಿಘಂಟಿನಲ್ಲಿ ಅತಿ ಹತ್ತಿರದ ಪದ ಯಾವುದೋ ಅದೇ ಉತ್ತರ. ನಮ್ಮ ಪದಕ್ಕೆ ಇದನ್ನು ಹಚ್ಚಿ ನೋಡಿ. ‘ವೂ’ ಎಂಬುದು ‘ಮಾ’ ಆಗಬೇಕಾದರೆ ವ್ಯಂಜನವೂ ಬದಲಾಗಬೇಕು, ಸ್ವರಚಿಹ್ನೆಯೂ ಬದಲಾಗಬೇಕು, ಅಂದರೆ ದೂರ ಎರಡು. ‘ಶೂ’ ಆಗಲು ವ್ಯಂಜನ ಬದಲಾದರೆ ಸಾಕು, ದೂರ ಒಂದೇ. ತಂತ್ರಾಂಶ ಹಳ್ಳಿಯ ಹಿರಿಯರ ಪತ್ರವನ್ನು ‘ಶೂನ್ಯರೇ’ ಎಂಬ ಸಂಬೋಧನೆಯಿಂದ ಶುರುಮಾಡಿಸುತ್ತದೆ! ಎಲ್ಲ ಬದಲಾವಣೆಗೂ ಒಂದೇ ಬೆಲೆ ಕಟ್ಟಿದ್ದರ ಫಲ ಇದು. ‘ವೂ’ ನೋಡಲು ‘ಶೂ’ದಂತಿಲ್ಲ, ‘ಮಾ’ದಂತಿದೆ. ಆದ್ದರಿಂದ ಕಣ್ಣಿಗೆ ಹತ್ತಿರವಿರುವ ಜೋಡಿಗಳ ಒಂದು ಪಟ್ಟಿ ಬೇಕು: ಮ–ವು, ಮಾ–ವೂ, ನ–ಸ, ಪ–ಷ, ದ–ಧ, ಬ–ಭ, ಹೀಗೆ. ಈ ಜೋಡಿಗಳೊಳಗಿನ ಬದಲಾವಣೆಗೆ, ಎಷ್ಟು ಚಿಹ್ನೆ ಬದಲಾದರೂ, ಕಾಲು ಬೆಲೆ. ಉಳಿದದ್ದಕ್ಕೆ ಪೂರ್ತಿ ಬೆಲೆ. ಆಗ ‘ಮಾನ್ಯರೇ’ ಸಲೀಸಾಗಿ ಗೆಲ್ಲುತ್ತದೆ. ಪಟ್ಟಿಯನ್ನು ಎಲ್ಲಿಂದಲೋ ತರುವುದಕ್ಕಿಂತ, ಪತ್ರದ ಒಂದು ಪುಟವನ್ನು ಕೈಯಾರೆ ತಿದ್ದಿ ಯಾವುದು ಯಾವುದಾಗಿದೆ ಎಂದು ಗುರುತುಹಾಕಿಕೊಳ್ಳುವುದೇ ಮೇಲು. ಒಂದೊಂದು ಮುದ್ರಣಾಲಯದ ಮೊಳೆ ಒಂದೊಂದು ರೀತಿ ಸವೆದಿರುತ್ತದೆ.

ಒಡೆದ ಪದಗಳ ಕತೆ ಬೇರೆ. ಒಸಿಆರ್ ಪದಗಳ ನಡುವಿನ ಜಾಗವನ್ನು ಓದುವುದಿಲ್ಲ, ಅಕ್ಷರಗಳ ನಡುವಿನ ಬಿಳಿಯ ಅಗಲ ನೋಡಿ ಊಹಿಸುತ್ತದೆ. ಮೊಳೆ ಜೋಡಿಸುತ್ತಿದ್ದವರಿಗೆ ಸಾಲಿನ ಎರಡೂ ತುದಿ ಒಂದೇ ನೇರಕ್ಕೆ ಬರಬೇಕಿತ್ತು, ಹಾಗಾಗಿ ಒಂದು ಸಾಲಿನಲ್ಲಿ ಬಿಳಿ ಹಿಗ್ಗುತ್ತದೆ, ಇನ್ನೊಂದರಲ್ಲಿ ಕುಗ್ಗುತ್ತದೆ. ‘ವಾಚನಾಲಯ ಕ್ಕೆ’ ಒಡೆದದ್ದನ್ನು ಕಂಡುಹಿಡಿಯುವುದು ಸುಲಭ. ಕನ್ನಡದಲ್ಲಿ ಯಾವ ಪದವೂ ‘ಕ್ಕೆ’ಯಂಥ ಸಜಾತೀಯ ಒತ್ತಕ್ಷರದಿಂದ ಆರಂಭವಾಗುವುದಿಲ್ಲ, ಅಂಥ ತುಣುಕು ಕಂಡರೆ ಕಣ್ಣುಮುಚ್ಚಿ ಹಿಂದಿನದಕ್ಕೆ ಸೇರಿಸಬಹುದು. ಆದರೆ ‘ಕಟ್ಟಿಸ ಬೇಕೆಂದು’? ಇದು ಯಂತ್ರದ ತಪ್ಪೇ ಎಂದು ಹೇಳುವಂತಿಲ್ಲ, ‘ಬೇಕು’ವನ್ನು ಬಿಡಿಸಿ ಅಚ್ಚು ಹಾಕಿದ ಹಳೆಯ ಪುಟಗಳೂ ಇವೆ. ಇಲ್ಲಿ ಚಿತ್ರವನ್ನೇ ನೋಡಬೇಕು. ಆ ಸಾಲಿನ ಉಳಿದ ಪದಗಳ ನಡುವೆ ಎಷ್ಟು ಬಿಳಿಯಿದೆಯೋ ಇಲ್ಲಿಯೂ ಅಷ್ಟೇ ಇದ್ದರೆ ಬಿಡಿಸಿಯೇ ಅಚ್ಚಾಗಿದೆ, ಹಾಗೇ ಬಿಡಿ.

ನಿಘಂಟನ್ನು ನಂಬಿ ಒಡಕು ಕೂಡಿಸಲು ಹೊರಟರೆ ಕನ್ನಡದ ಸ್ವಭಾವವೇ ಅಡ್ಡ ಬರುತ್ತದೆ. ‘ವಾಚನಾಲಯ’ ನಿಘಂಟಿನಲ್ಲಿದ್ದೀತು, ‘ವಾಚನಾಲಯಕ್ಕೆ’ ಇರುವುದಿಲ್ಲ. ‘ಬೇಕು’ ಇದೆ, ‘ಬೇಕೆಂದು’ ಇಲ್ಲ. ವಿಭಕ್ತಿ, ಸಂಧಿ, ಕ್ರಿಯಾಪದದ ರೂಪಗಳನ್ನೆಲ್ಲ ಪದಪಟ್ಟಿಯಲ್ಲಿ ತುಂಬಿ ಮುಗಿಸಲಾಗದು. ಪದದ ಕೊನೆಯಿಂದ ಪ್ರತ್ಯಯ ಕಳಚಿ, ಉಳಿದ ಭಾಗವನ್ನು ನಿಘಂಟಿನಲ್ಲಿ ನೋಡುವ ವ್ಯವಸ್ಥೆ ಬೇಕು. ಇಲ್ಲದಿದ್ದರೆ ಸರಿಯಾದ ಪದಗಳಿಗೇ ಕೆಂಪು ಗೆರೆ ಬಿದ್ದು, ನಿಜವಾದ ತಪ್ಪು ಅವುಗಳ ನಡುವೆ ಅಡಗಿಕೊಳ್ಳುತ್ತದೆ.

‘ಬೇಕಾಗುವದು’ ಎಂಬುದಕ್ಕೂ ಹಾಗೆ ಕೆಂಪು ಗೆರೆ ಬೀಳುತ್ತದೆ. ಒಂದು ಕೊಂಬು ಸೇರಿಸಿದರೆ ‘ಬೇಕಾಗುವುದು’, ದೂರ ಒಂದೇ, ತಂತ್ರಾಂಶಕ್ಕೆ ಸಂಶಯವೇ ಇಲ್ಲ. ಆದರೆ ಉತ್ತರ ಕರ್ನಾಟಕದ ಹಳೆಯ ಬರಹದಲ್ಲಿ ‘ಮಾಡುವದು’, ‘ಹೋಗುವದು’ ಎಂಬ ರೂಪಗಳೇ ರೂಢಿ. ಇದನ್ನು ತಿದ್ದಿದರೆ ಒಸಿಆರ್ ತಪ್ಪು ಹೋಗುವುದಿಲ್ಲ, ಪತ್ರ ಬರೆದವರ ಕನ್ನಡ ಹೋಗುತ್ತದೆ. ಪತ್ರದಲ್ಲಿ ಇಂಥ ರೂಪ ಎಷ್ಟು ಕಡೆ ಬಂದಿದೆ ಎಂದು ನೋಡಿ. ಎಲ್ಲ ಕಡೆಯೂ ‘ವದು’ ಇದ್ದರೆ ಅದು ಬರೆದವರದೇ. ಹತ್ತರಲ್ಲಿ ಒಂದು ಕಡೆ ಮಾತ್ರ ಇದ್ದರೆ ಚಿತ್ರದಲ್ಲಿ ಕೊಂಬು ಮಸುಕಾಗಿದೆಯೇ ಎಂದು ಹಿಗ್ಗಿಸಿ ನೋಡಬೇಕು.

ಅಂಕಿಗಳ ವಿಷಯದಲ್ಲಿ ನಿಘಂಟು ಪೂರ್ತಿ ಕೈಚೆಲ್ಲುತ್ತದೆ, ಯಾವ ಅಂಕಿಯೂ ‘ತಪ್ಪು ಪದ’ ಅಲ್ಲವಲ್ಲ. ಲೆಕ್ಕ ಮಾತ್ರ ಸುಳ್ಳು ಹೇಳುವುದಿಲ್ಲ. ಊರಲ್ಲಿ ೬೦೦, ಪರಸ್ಥಳಗಳಿಂದ ೧೫೦ ಕೂಡಿದ್ದರೆ ಒಟ್ಟು ೭೫೦ ಆಗಬೇಕು, ಪತ್ರ ೪೫೦ ಎನ್ನುತ್ತಿದೆ. ೩ ಮತ್ತು ೬ರ ಆಕಾರ ಹತ್ತಿರ. ೩೦೦ ಎಂದಿಟ್ಟರೆ ಮೊತ್ತ ತಾಳೆಯಾಗುತ್ತದೆ. 1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬರುವ ಮೊದಲಿನ ಪತ್ರಗಳಲ್ಲಿ ಇನ್ನೊಂದು ಅನುಕೂಲವಿದೆ. ಮೊತ್ತವನ್ನು ರೂಪಾಯಿ–ಆಣೆ–ಪೈ ಎಂದು ಬರೆಯುತ್ತಿದ್ದರು. ಆಣೆ 15ನ್ನು, ಪೈ 11ನ್ನು ದಾಟುವಂತಿಲ್ಲ. ‘೨–೧೮–೦’ ಎಂದು ಕಂಡರೆ ಎಲ್ಲೋ ಒಂದು ಅಂಕಿ ಕೆಟ್ಟಿದೆ ಎಂದೇ ಅರ್ಥ.

ಉಳಿದದ್ದು ‘ದನ ಸಹಾಯ’. ನನ್ನ ಮಟ್ಟಿಗೆ ಇಡೀ ಪತ್ರದಲ್ಲಿ ಅತಿ ಅಪಾಯಕಾರಿ ತಪ್ಪು ಇದೇ. ‘ದನ’ ಕನ್ನಡ ಪದ, ‘ಸಹಾಯ’ವೂ ಕನ್ನಡ ಪದ. ಯಾವ ನಿಯಮವೂ ಮುರಿದಿಲ್ಲ, ಯಾವ ಗೆರೆಯೂ ಬೀಳುವುದಿಲ್ಲ. ‘ದ’ ಮತ್ತು ‘ಧ’ಕ್ಕೆ ಇರುವ ವ್ಯತ್ಯಾಸ ಬುಡದಲ್ಲಿನ ಒಂದು ಪುಟ್ಟ ಸೀಳು. ಮೊಳೆ ಅಚ್ಚಿನಲ್ಲಿ ಶಾಯಿ ಸ್ವಲ್ಪ ಹೆಚ್ಚಾದರೂ ಸೀಳು ತುಂಬಿಕೊಳ್ಳುತ್ತದೆ. ಕಾಗದದಲ್ಲಿ ಅದು ಬೂದು ಬಣ್ಣದಲ್ಲಾದರೂ ಉಳಿದಿದ್ದರೆ ಸ್ಕ್ಯಾನಿಂಗ್ ಅದನ್ನೂ ನುಂಗಬಹುದು. ಇಂಚಿಗೆ 300 ಚುಕ್ಕೆಯ ಸ್ಕ್ಯಾನಿನಲ್ಲಿ ಒಂದು ಮಿಲಿಮೀಟರಿಗೆ ಸಿಗುವುದು 12 ಚುಕ್ಕೆ. ಸೀಳಿನ ಅಗಲ ಮಿಲಿಮೀಟರಿನ ಐದನೇ ಒಂದು ಭಾಗವಿದ್ದರೆ ಅದರ ಪಾಲಿಗೆ ಬರುವುದು ಎರಡೇ ಚುಕ್ಕೆ. ಒಸಿಆರ್ ಮೊದಲು ಚಿತ್ರವನ್ನು ಕಪ್ಪು–ಬಿಳುಪಾಗಿ ಇಬ್ಭಾಗಿಸಿದಾಗ ಆ ಎರಡು ಬೂದು ಚುಕ್ಕೆಗಳು ಕಪ್ಪಿನ ಕಡೆ ಸರಿದರೆ ಮಹಾಪ್ರಾಣ ಹೋದಂತೆಯೇ. ಆದ್ದರಿಂದ ತಿದ್ದುವ ಕೆಲಸಕ್ಕೆ ಮೊದಲೇ, ಪತ್ರವನ್ನು ಬೂದುಛಾಯೆಯಲ್ಲಿ 600 ಚುಕ್ಕೆಗೆ ಸ್ಕ್ಯಾನ್ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಟೆಸೆರಾಕ್ಟ್ ಎಂಬ ಉಚಿತ ಒಸಿಆರ್ ತಂತ್ರಾಂಶ ಪ್ರತಿ ಪದಕ್ಕೂ ತನ್ನ ಭರವಸೆ ಎಷ್ಟೆಂದು 0ಯಿಂದ 100ರೊಳಗೆ ಅಂಕ ಕೊಡುತ್ತದೆ:

```
tesseract patra.png patra -l kan --psm 6 tsv
```

ಹೊರಬರುವ `patra.tsv` ಕಡತದ `conf` ಎಂಬ ಕಾಲಮ್ಮಿನಲ್ಲಿ ಆ ಅಂಕ ಇರುತ್ತದೆ. ಕಡಿಮೆ ಅಂಕದ ಪದಗಳನ್ನು ಮೊದಲು ನೋಡುವುದು ಸರಿ, ಹೆಚ್ಚು ಅಂಕ ಬಂದದ್ದನ್ನು ನೋಡದೆ ಬಿಡುವುದು ಸರಿಯಲ್ಲ. 2018ರಲ್ಲಿ ಬಂದ ನಾಲ್ಕನೇ ಆವೃತ್ತಿಯಿಂದ ಈ ತಂತ್ರಾಂಶ ಅಕ್ಷರಗಳನ್ನು ಬಿಡಿಬಿಡಿಯಾಗಿ ನೋಡುವ ಬದಲು ಇಡೀ ಸಾಲನ್ನು ನರಜಾಲದ ಮೂಲಕ ಓದುತ್ತದೆ. ಅದರಿಂದ ತಪ್ಪುಗಳು ಕಡಿಮೆಯಾದವು, ಆದರೆ ಉಳಿದವು ಪದದ ಹಾಗೇ ಕಾಣತೊಡಗಿದವು. ‘ದನ’ಕ್ಕೆ ಒಳ್ಳೆಯ ಅಂಕವೇ ಬಂದಿದ್ದರೂ ಆಶ್ಚರ್ಯವಿಲ್ಲ.

ಇದಕ್ಕೆ ಒಂದು ಉಪಾಯವಿದೆ. ಅಲ್ಪಪ್ರಾಣ, ಮಹಾಪ್ರಾಣ ಎರಡರಲ್ಲೂ ಅರ್ಥವಿರುವ ಜೋಡಿಗಳನ್ನು ಮೊದಲೇ ಪಟ್ಟಿಮಾಡಿಕೊಳ್ಳುವುದು: ದನ–ಧನ, ಬಂಗ–ಭಂಗ, ದರೆ–ಧರೆ. ಪತ್ರದಲ್ಲಿ ಇವು ಎಲ್ಲೆಲ್ಲಿ ಬಂದಿವೆಯೋ ಅಲ್ಲೆಲ್ಲ, ಭರವಸೆಯ ಅಂಕ ಎಷ್ಟೇ ಇರಲಿ, ಮೂಲಚಿತ್ರದ ಆ ತುಣುಕನ್ನು ಪಕ್ಕದಲ್ಲಿಟ್ಟು ನೋಡುವುದು. ಸೀಳು ಚಿತ್ರದಲ್ಲೂ ಕಾಣದಿದ್ದರೆ ಅಕ್ಕಪಕ್ಕದ ಪದಗಳೇ ಸಾಕ್ಷಿ. ರೂಪಾಯಿ ಲೆಕ್ಕ ಹೇಳಿದ ಬೆನ್ನಿಗೆ ಕೇಳುವುದು ಧನಸಹಾಯವನ್ನೇ.

ವ್ಯಕ್ತಿಗಳ ಮತ್ತು ಹಳ್ಳಿಗಳ ಹೆಸರಿಗೆ ಈ ಸಾಕ್ಷಿಯೂ ಸಿಗುವುದಿಲ್ಲ. ಪತ್ರದ ಕೆಳಗಿನ ಸಹಿದಾರರ ಪಟ್ಟಿಯಲ್ಲಿ ಸಂಶಯ ಬಂದ ಅಕ್ಷರವನ್ನು ಊಹಿಸಿ ತುಂಬುವ ಬದಲು ಚೌಕ ಕಂಸದಲ್ಲಿ ಪ್ರಶ್ನಾರ್ಥಕ ಚಿಹ್ನೆಯೊಡನೆ ಇಡುವುದು, ಒಸಿಆರ್ ಕೊಟ್ಟ ಮೊದಲ ಕಡತವನ್ನು ಮುಟ್ಟದೆ ಬೇರೆಯಾಗಿ ಉಳಿಸುವುದು, ತಿದ್ದಿದ ಪ್ರತಿಯನ್ನು ಇನ್ನೊಂದು ಹೆಸರಿನಲ್ಲಿ ಇಡುವುದು ರೂಢಿ. ಆ ಊರಿನವರು ಯಾರಾದರೂ ಮುಂದೆ ಪಟ್ಟಿ ನೋಡಿ ಹೆಸರು ಗುರುತಿಸಿದರೆ ಕಂಸ ತೆಗೆದರಾಯಿತು.